ಇಂಟರ್‌ವ್ಯೂಗೆ ಮೊದಲು ಒಂದು ಪತ್ರ: ಕಿವಿ ಕಡಿಮೆ ಕೇಳಿಸುವವರು ಏನು ಕೇಳಬೇಕು, ಕಂಪೆನಿ ಹೇಗೆ ಉತ್ತರಿಸಬೇಕು

ಉಪ್ಪಳದ ಕಡೆಯ ಒಬ್ಬ ಯುವತಿಯನ್ನು ಊಹಿಸಿಕೊಳ್ಳಿ. ಕನ್ನಡ ಮೀಡಿಯಂನಲ್ಲಿ ಎಸೆಸೆಲ್ಸಿ ಮುಗಿಸಿ, ಬಿ.ಕಾಂ. ಮಾಡಿ, ಟ್ಯಾಲಿ ಕೋರ್ಸ್ ಕೂಡಾ ಕಲಿತಿದ್ದಾಳೆ. ಎರಡೂ ಕಿವಿಯಲ್ಲಿ ಶ್ರವಣದೋಷವಿದೆ, ಮೆಷಿನ್ ಹಾಕುತ್ತಾಳೆ. ಮಂಗಳೂರಿನ ಒಂದು ಕಂಪೆನಿಗೆ ಅಕೌಂಟ್ಸ್ ಅಸಿಸ್ಟೆಂಟ್ ಕೆಲಸಕ್ಕೆ ಅರ್ಜಿ ಹಾಕಿದ್ದಾಳೆ. ಒಂದು ಮಧ್ಯಾಹ್ನ ಆ ಕಂಪೆನಿಯಿಂದ ಫೋನ್ ಬರುತ್ತದೆ. ಅವಳು ಮೊಬೈಲನ್ನು ಕಾಕನ ಕೈಗೆ ಕೊಡುತ್ತಾಳೆ. ಕಾಕ ಹೇಳುತ್ತಾನೆ: "ಅವಳಿಗೆ ಫೋನಲ್ಲಿ ಸರಿ ಕೇಳುವುದಿಲ್ಲ ಮೇಡಂ, ನನ್ನಲ್ಲಿ ಹೇಳಿ." ಆ ಕಡೆಯಿಂದ ಒಂದು ಕ್ಷಣ ಮಾತಿಲ್ಲ. ಮತ್ತೆ, "ಹೌದಾ... ಆಯ್ತು, ಆಮೇಲೆ ಕಾಲ್ ಮಾಡ್ತೇವೆ." ಆ ಕಾಲ್ ಮತ್ತೆ ಬರುವುದಿಲ್ಲ.

ಇಲ್ಲಿ ಯಾರೂ ಕೆಟ್ಟವರಲ್ಲ. ಕಾಕ ಸಹಾಯ ಮಾಡಲು ಹೊರಟದ್ದು. ಎಚ್‌ಆರ್ ಮೇಡಂಗೆ ಮುಂದೆ ಏನು ಮಾಡಬೇಕೆಂದು ಗೊತ್ತಾಗಲಿಲ್ಲ. ಆದರೆ ಲೆಕ್ಕ ಗೊತ್ತಿರುವ ಒಬ್ಬಳು, ಲೆಕ್ಕದ ಒಂದೇ ಒಂದು ಪ್ರಶ್ನೆ ಕೇಳಿಸಿಕೊಳ್ಳುವ ಮೊದಲೇ ಹೊರಗಾದಳು. "ಅವಳಿಗೆ ಕೇಳುವುದಿಲ್ಲ" ಎಂಬ ಮಾತು ಕಂಪೆನಿಗೆ ತಲುಪಿತು. "ಹೀಗೆ ಮಾಡಿದರೆ ಅವಳಿಗೆ ಕೇಳುತ್ತದೆ" ಎಂಬುದು ತಲುಪಲಿಲ್ಲ. ಈ ಎರಡನೇ ಮಾತನ್ನು ಅಭ್ಯರ್ಥಿ ಹೇಗೆ ತಲುಪಿಸಬೇಕು, ಅದಕ್ಕೆ ಕಂಪೆನಿ ಹೇಗೆ ಉತ್ತರಿಸಬೇಕು ಎಂಬುದನ್ನು ಈ ಯುವತಿಯ ಉದಾಹರಣೆಯಲ್ಲೇ ನೋಡೋಣ.

ಎಲ್ಲಿ ತಪ್ಪುತ್ತದೆ?

ಕಿವಿಗೆ ಮೆಷಿನ್ ಹಾಕಿದರೆ ಎಲ್ಲವೂ ಸರಿ ಕೇಳುತ್ತದೆ ಎಂದು ಹಲವರು ತಿಳಿದಿದ್ದಾರೆ. ಕಣ್ಣಿಗೆ ಕನ್ನಡಕ ಹಾಕಿದಂತೆ ಅದು ಕೆಲಸ ಮಾಡುವುದಿಲ್ಲ. ಮೆಷಿನ್ ಧ್ವನಿಯನ್ನು ದೊಡ್ಡದು ಮಾಡುತ್ತದೆ. ಆದರೆ ಮಾತನ್ನೂ ಫ್ಯಾನಿನ ಸದ್ದನ್ನೂ ಪೂರ್ತಿ ಬೇರ್ಪಡಿಸಲು ಅದಕ್ಕೆ ಆಗುವುದಿಲ್ಲ.

ಕಾನೂನಿನ ಲೆಕ್ಕದಲ್ಲಿ ಎರಡೂ ಕಿವಿಯಲ್ಲಿ 60ರಿಂದ 70 ಡೆಸಿಬೆಲ್‌ನಷ್ಟು ಶ್ರವಣ ನಷ್ಟವಿದ್ದರೆ ಅವರು ಮಂದ ಶ್ರವಣದವರು. 70 ಡೆಸಿಬೆಲ್ ನಷ್ಟವಾದರೆ ಕಿವುಡರು. ಒಂದು ಮೀಟರ್ ದೂರದಲ್ಲಿ ನಾವು ಸಾಮಾನ್ಯವಾಗಿ ಮಾತನಾಡುವ ಧ್ವನಿ ಸುಮಾರು 60 ಡೆಸಿಬೆಲ್. ಅಂದರೆ ನಮ್ಮ ಈ ಯುವತಿಗೆ ಮೆಷಿನ್ ಇಲ್ಲದಿದ್ದರೆ ಎದುರಿನವರ ಮಾತು ಕೇಳಿಯೂ ಕೇಳದ ಗಡಿಯಲ್ಲಿರುತ್ತದೆ. ಮೆಷಿನ್ ಹಾಕಿ, ಸದ್ದಿಲ್ಲದ ಕೋಣೆಯಲ್ಲಿ, ಹತ್ತಿರ ಕೂತರೆ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಮಾತನಾಡುವವರ ದೂರ ದುಪ್ಪಟ್ಟಾದಾಗ ಅವರ ಧ್ವನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ತಲೆಯ ಮೇಲಿನ ಫ್ಯಾನಿನ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ಉದ್ದದ ಕಾನ್ಫರೆನ್ಸ್ ಟೇಬಲ್‌ನ ಆ ತುದಿಯಲ್ಲಿ ಕೂತ ಮ್ಯಾನೇಜರ್‌ನ ಮಾತು ಫ್ಯಾನಿನೊಳಗೆ ಮುಳುಗಿ ಹೋಗುವುದು ಹೀಗೆ.

ಇಂತಹವರು ಕಿವಿಯಿಂದ ಅರ್ಧ, ಕಣ್ಣಿನಿಂದ ಅರ್ಧ ಕೇಳುತ್ತಾರೆ. ತುಟಿಯ ಚಲನೆ ನೋಡುತ್ತಾರೆ. ಅದಕ್ಕೂ ಮಿತಿಯಿದೆ. ಕನ್ನಡಿಯ ಮುಂದೆ ನಿಂತು ಸದ್ದು ಮಾಡದೆ "ಪಾಲು" ಎಂದು ಹೇಳಿ ನೋಡಿ, ಮತ್ತೆ "ಮಾಲು" ಎಂದು ಹೇಳಿ. ತುಟಿಯಲ್ಲಿ ಎರಡೂ ಒಂದೇ. ಪ, ಬ, ಮ ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚಿ ತೆರೆಯುತ್ತದೆ. ಕ, ಗ ಬಾಯಿಯ ಹಿಂಭಾಗದಲ್ಲಿ ಹುಟ್ಟುವುದರಿಂದ ಕಾಣುವುದೇ ಇಲ್ಲ. ಉಳಿದದ್ದನ್ನು ಅವರು ವಾಕ್ಯದ ಅರ್ಥದಿಂದ ಊಹಿಸಿಕೊಳ್ಳುತ್ತಾರೆ. ಊಹೆ ಸರಿಯಾಗಬೇಕಾದರೆ ಯಾವ ಭಾಷೆಯಲ್ಲಿ ಮಾತು ನಡೆಯುತ್ತಿದೆ ಎಂದು ಗೊತ್ತಿರಬೇಕು.

ನಮ್ಮ ಕಡೆಯ ದೊಡ್ಡ ತೊಂದರೆ ಇರುವುದು ಇಲ್ಲೇ. ಮಂಗಳೂರಿನ ಒಂದು ಆಫೀಸಿನಲ್ಲಿ ಐದು ನಿಮಿಷದೊಳಗೆ ಕನ್ನಡ, ಇಂಗ್ಲಿಷ್, ತುಳು ಮೂರೂ ಬಂದು ಹೋಗುತ್ತವೆ. ಕಾಸರಗೋಡಿನವಳು ಎಂದು ಗೊತ್ತಾದರೆ ಯಾರಾದರೂ ಪ್ರೀತಿಯಿಂದ ಮಲಯಾಳದಲ್ಲೂ ಒಂದು ಪ್ರಶ್ನೆ ಹಾಕುತ್ತಾರೆ. ಸರಿ ಕೇಳಿಸುವವರಿಗೆ ಇದು ತಮಾಷೆ. ತುಟಿ ನೋಡಿ ಕೇಳುವವಳಿಗೆ ಪ್ರತಿ ಸಲ ಭಾಷೆ ಬದಲಾದಾಗಲೂ ಮೊದಲ ನಾಲ್ಕೈದು ಪದ ಕೈತಪ್ಪುತ್ತವೆ.

ಫೋನಿನಲ್ಲಿ ಇನ್ನೂ ಕಷ್ಟ. ತುಟಿ ಕಾಣುವುದಿಲ್ಲ. ಅದಲ್ಲದೆ ಹಳೆಯ ಕ್ರಮದ ಫೋನ್ ಕರೆ ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಧ್ವನಿಯನ್ನು ಮಾತ್ರ ಸಾಗಿಸುತ್ತದೆ. ಸ, ಫ ಇಂತಹ ಸದ್ದುಗಳ ಮುಖ್ಯ ಭಾಗ ಅದಕ್ಕಿಂತ ಮೇಲಿದೆ. ಎದುರು ಕೂತರೆ ಲೀಲಾಜಾಲವಾಗಿ ಮಾತನಾಡುವವಳು ಫೋನಿನಲ್ಲಿ ತಡವರಿಸುವುದಕ್ಕೆ ಕಾರಣ ಇದು. ಮೊದಲ ಸುತ್ತನ್ನೇ ಫೋನ್‌ನಲ್ಲಿ ಮಾಡುವ ಕಂಪೆನಿ ಇಂತಹ ಅಭ್ಯರ್ಥಿಯನ್ನು ಅಳೆಯುವುದೇ ಇಲ್ಲ, ಫೋನ್ ಲೈನನ್ನು ಅಳೆಯುತ್ತದೆ.

ಒಂದು ಲೆಕ್ಕದ ಪ್ರಶ್ನೆ, ಎರಡು ಉತ್ತರ

ಇದರ ಪರಿಣಾಮ ಏನು ಎಂಬುದಕ್ಕೆ ಒಂದು ಸಣ್ಣ ಉದಾಹರಣೆ. ಇಂಟರ್‌ವ್ಯೂನಲ್ಲಿ ಹಿರಿಯ ಅಕೌಂಟೆಂಟ್ ಕೇಳುತ್ತಾರೆ: "ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಸಿಕ್ಸ್‌ಟೀನ್ ಥೌಸಂಡ್ ಇದೆ, ನಮ್ಮ ಬುಕ್ಸ್‌ನಲ್ಲಿ ಫಿಫ್ಟೀನ್ ಥೌಸಂಡ್. ಏನಾಗಿರಬಹುದು?" ಸರಿಯಾದ ಉತ್ತರ ಸುಲಭ. ವ್ಯತ್ಯಾಸ 1,000 ರೂಪಾಯಿ. ನಾವು ಯಾರಿಗೋ ಕೊಟ್ಟ 1,000 ರೂಪಾಯಿಯ ಚೆಕ್ಕನ್ನು ಅವರು ಇನ್ನೂ ಬ್ಯಾಂಕಿಗೆ ಹಾಕಿರಲಿಕ್ಕಿಲ್ಲ.

ಸಿಕ್ಸ್‌ಟೀನ್ ಮತ್ತು ಸಿಕ್ಸ್ಟಿ, ಫಿಫ್ಟೀನ್ ಮತ್ತು ಫಿಫ್ಟಿ, ಇವುಗಳಿಗೆ ತುಟಿಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಕೊನೆಯ "ನ್" ಸದ್ದು ಫ್ಯಾನಿನಲ್ಲಿ ಹೋದರೆ ಅವಳಿಗೆ ಕೇಳಿಸುವುದು ಅರುವತ್ತು ಸಾವಿರ ಮತ್ತು ಐವತ್ತು ಸಾವಿರ. "ಹತ್ತು ಸಾವಿರದ ಚೆಕ್ ಕ್ಲಿಯರ್ ಆಗಿಲ್ಲ ಸರ್" ಎನ್ನುತ್ತಾಳೆ. ತತ್ತ್ವ ಸರಿ, ಸಂಖ್ಯೆ ತಪ್ಪು. ಕೇಳಿದವರು ಮುಖ ಮುಖ ನೋಡಿಕೊಳ್ಳುತ್ತಾರೆ: "ಒಂದು ಕಳೆಯುವ ಲೆಕ್ಕ ಬರುವುದಿಲ್ಲವಲ್ಲ!" ಅವಳಿಗೆ ತಪ್ಪಿದ್ದು ಲೆಕ್ಕವಲ್ಲ, ಸಂಖ್ಯೆ. ಅದೇ ಎರಡು ಸಂಖ್ಯೆಯನ್ನು ಒಂದು ಕಾಗದದಲ್ಲಿ ಬರೆದು ಮುಂದೆ ಇಟ್ಟಿದ್ದರೆ ಸರಿ ಉತ್ತರ ಬರುತ್ತಿತ್ತು.

ಸೂಕ್ತ ಹೊಂದಾಣಿಕೆ ಅಂದರೆ ಇಷ್ಟೇ. ಇಂಗ್ಲಿಷ್‌ನಲ್ಲಿ ಇದಕ್ಕೆ ರೀಸನೇಬಲ್ ಅಕಾಮಡೇಶನ್ ಎನ್ನುತ್ತಾರೆ. ಪ್ರಶ್ನೆ ಸುಲಭವಾಗುವುದಿಲ್ಲ, ಮಾರ್ಕ್ ಜಾಸ್ತಿ ಸಿಗುವುದಿಲ್ಲ. ಪ್ರಶ್ನೆ ತಲುಪುವ ದಾರಿ ಮಾತ್ರ ಬದಲಾಗುತ್ತದೆ.

ಪತ್ರ ಹೇಗಿರಬೇಕು?

ಇಂಟರ್‌ವ್ಯೂಗೆ ಕರೆ ಬಂದ ಕೂಡಲೇ ಬರೆಯುವುದು ಒಳ್ಳೆಯದು. ಅರ್ಜಿ ಹಾಕುವಾಗಲೇ ಹೇಳಬೇಕೆಂದು ಕಾನೂನಿನಲ್ಲಿ ಎಲ್ಲೂ ಇಲ್ಲ. ಆದರೆ ಕೋಣೆಗೆ ಕಾಲಿಟ್ಟ ಮೇಲೆ ಹೇಳಿದರೆ ಟೇಬಲ್ ಬದಲಿಸಲು, ಪ್ರಶ್ನೆ ಪ್ರಿಂಟ್ ತೆಗೆಯಲು ಅವರಿಗೆ ಸಮಯವಿರುವುದಿಲ್ಲ. ಮೂರು ನಾಲ್ಕು ದಿನ ಮೊದಲು ತಲುಪಿದರೆ ಸಾಕು. ಬಾಯಲ್ಲಿ ಹೇಳಿಸುವ ಬದಲು ಇ-ಮೇಲ್‌ನಲ್ಲಿ ಬರೆಯಿರಿ. ಮುಂದೆ ತಕರಾರು ಬಂದರೆ ಕೈಯಲ್ಲಿ ದಾಖಲೆ ಇರುತ್ತದೆ.

ನಮ್ಮ ಯುವತಿ ಮೊದಲ ಸಲದ ಅನುಭವದ ನಂತರ ಇನ್ನೊಂದು ಕಂಪೆನಿಗೆ ಅರ್ಜಿ ಹಾಕುವಾಗ ಫೋನ್ ನಂಬರಿನ ಪಕ್ಕದಲ್ಲಿ "ದಯವಿಟ್ಟು ವಾಟ್ಸ್‌ಆ್ಯಪ್ ಮೆಸೇಜ್ ಮಾಡಿ" ಎಂದು ಸೇರಿಸುತ್ತಾಳೆ. ಬೈಕಂಪಾಡಿಯಲ್ಲಿ ಅರುವತ್ತು ಮಂದಿ ಕೆಲಸ ಮಾಡುವ ಕಂಪೆನಿ ಎಂದಿಟ್ಟುಕೊಳ್ಳಿ. ಬುಧವಾರ ಇಂಟರ್‌ವ್ಯೂ ಎಂದು ಮೆಸೇಜ್ ಬರುತ್ತದೆ. ಅವಳು ಬರೆಯುವ ಪತ್ರ ಹೀಗಿದೆ:

> ಮಾನ್ಯರೇ,
>
> ಅಕೌಂಟ್ಸ್ ಅಸಿಸ್ಟೆಂಟ್ ಹುದ್ದೆಯ ಸಂದರ್ಶನಕ್ಕೆ ಕರೆದದ್ದಕ್ಕೆ ಧನ್ಯವಾದ. ಬುಧವಾರ ಬೆಳಗ್ಗೆ 11 ಗಂಟೆಗೆ ಬರುತ್ತೇನೆ.
>
> ನನಗೆ ಶ್ರವಣದೋಷವಿದೆ, ಶ್ರವಣ ಸಾಧನ ಬಳಸುತ್ತೇನೆ. ಹತ್ತಿರ, ಎದುರು ಕೂತು ಒಬ್ಬೊಬ್ಬರಾಗಿ ಮಾತನಾಡಿದರೆ ಅರ್ಥವಾಗುತ್ತದೆ. ಆದ್ದರಿಂದ ಆ ದಿನ ಈ ನಾಲ್ಕು ಹೊಂದಾಣಿಕೆ ಮಾಡಿಕೊಡಬೇಕೆಂದು ಕೋರುತ್ತೇನೆ:
>
> 1. ಸಂಖ್ಯೆಗಳಿರುವ ಪ್ರಶ್ನೆಗಳನ್ನು ಆ ಸಮಯದಲ್ಲಿ ಕಾಗದದಲ್ಲಿ ಬರೆದು ಅಥವಾ ಪ್ರಿಂಟ್ ಮಾಡಿ ಕೊಡುವುದು.
> 2. ಸದ್ದು ಕಡಿಮೆ ಇರುವ ಸಣ್ಣ ಕೋಣೆ. ಮಾತನಾಡುವವರ ಮುಖದ ಮೇಲೆ ಬೆಳಕು ಇರುವಂತೆ, ಕಿಟಕಿ ಅವರ ಬೆನ್ನ ಹಿಂದೆ ಇರದಂತೆ ಕೂರುವುದು.
> 3. ಒಂದು ಸಮಯಕ್ಕೆ ಒಬ್ಬರೇ ಮಾತನಾಡುವುದು.
> 4. ಸಂದರ್ಶನವನ್ನು ಪೂರ್ತಿ ಒಂದೇ ಭಾಷೆಯಲ್ಲಿ, ಕನ್ನಡ ಅಥವಾ ಇಂಗ್ಲಿಷ್‌ನಲ್ಲಿ ನಡೆಸುವುದು.
>
> ಪ್ರಶ್ನೆಗಳ ಮಟ್ಟ ಬದಲಾಗಬೇಕಾಗಿಲ್ಲ. ಬೇರೆ ಯಾವುದಾದರೂ ವ್ಯವಸ್ಥೆ ನಿಮಗೆ ಸುಲಭವಾದರೆ ತಿಳಿಸಿ. ಫೋನ್ ಕರೆಯಲ್ಲಿ ನನಗೆ ಸ್ಪಷ್ಟವಾಗಿ ಕೇಳಿಸುವುದಿಲ್ಲ. ಇ-ಮೇಲ್ ಅಥವಾ ವಾಟ್ಸ್‌ಆ್ಯಪ್ ಮೂಲಕ ಉತ್ತರಿಸಬೇಕಾಗಿ ವಿನಂತಿ.

ಈ ಪತ್ರದಲ್ಲಿ ಏನಿಲ್ಲ ಎಂದು ನೋಡಿ. ಯಾವಾಗಿನಿಂದ ಕೇಳುವುದಿಲ್ಲ, ಯಾವ ಡಾಕ್ಟರಿಗೆ ತೋರಿಸಿದ್ದು, ಆಪರೇಶನ್ ಆಗಿದೆಯಾ ಎಂಬುದು ಯಾವುದೂ ಇಲ್ಲ. ಕಂಪೆನಿಗೆ ಅದು ಬೇಕಾಗಿಲ್ಲ. "ಸ್ವಲ್ಪ ಸಹಕರಿಸಿ" ಎಂಬ ಮಾತೂ ಇಲ್ಲ. ಯಾಕೆಂದರೆ ಸಹಕಾರ ಅಂದರೆ ಏನು ಮಾಡಬೇಕೆಂದು ಓದಿದವರಿಗೆ ಗೊತ್ತಾಗುವುದಿಲ್ಲ. "ಕಿಟಕಿ ಬೆನ್ನ ಹಿಂದೆ ಬೇಡ" ಎಂದರೆ ಆಫೀಸ್ ಬಾಯ್‌ಗೂ ಗೊತ್ತಾಗುತ್ತದೆ. ನಿಮ್ಮ ತೊಂದರೆ ಬೇರೆಯಾದರೆ ನಾಲ್ಕು ಸಾಲು ಬದಲಾಗುತ್ತವೆ, ಪತ್ರದ ಅಚ್ಚು ಇದೇ. ಗಾಲಿಕುರ್ಚಿ ಬಳಸುವವರು ಲಿಫ್ಟ್ ಇದೆಯಾ, ಇಲ್ಲದಿದ್ದರೆ ಗ್ರೌಂಡ್ ಫ್ಲೋರ್‌ನಲ್ಲಿ ಇಂಟರ್‌ವ್ಯೂ ಆಗಬಹುದಾ ಎಂದು ಕೇಳಬಹುದು. ಮಾತು ತೊದಲುವವರು ಮಧ್ಯೆ ಬಾಯಿ ಹಾಕದೆ ವಾಕ್ಯ ಮುಗಿಸಲು ಬಿಡಿ ಎಂದು, ಹದಿನೈದು ನಿಮಿಷ ಹೆಚ್ಚು ಬೇಕೆಂದು ಕೇಳಬಹುದು.

ಕಂಪೆನಿಯ ಎರಡು ಬಗೆಯ ಉತ್ತರ

ಇಂತಹ ಪತ್ರಕ್ಕೆ ಕಂಪೆನಿಗಳು ಕೊಡುವ ಉತ್ತರದಲ್ಲಿ ಎರಡು ಬಗೆ ಹೆಚ್ಚು. ಮೊದಲನೆಯದು: "ಚಿಂತೆ ಮಾಡಬೇಡಿ, ಬನ್ನಿ, ಅಡ್ಜಸ್ಟ್ ಮಾಡೋಣ. ಬೇಕಾದರೆ ಮನೆಯವರನ್ನು ಕರ್ಕೊಂಡು ಬನ್ನಿ." ಓದಲು ಒಳ್ಳೆಯ ಮಾತು. ಆದರೆ ನಾಲ್ಕರಲ್ಲಿ ಒಂದಕ್ಕೂ ಉತ್ತರವಿಲ್ಲ. ಮನೆಯವರು ಬಂದರೆ ಇನ್ನೊಂದು ತೊಂದರೆ ಶುರುವಾಗುತ್ತದೆ. ಕೋಣೆಯಲ್ಲಿ ಕಾಕ ಇದ್ದರೆ ಎಲ್ಲರ ಕಣ್ಣೂ ಅವನ ಕಡೆಗೇ ಹೋಗುತ್ತದೆ. "ಅವಳು ಟ್ಯಾಲಿ ಮಾಡ್ತಾಳಾ?" ಎಂದು ಅವನಲ್ಲಿ ಕೇಳುತ್ತಾರೆ. ಇಂಟರ್‌ವ್ಯೂ ಕಾಕನದ್ದಾಗುತ್ತದೆ. ಮನೆಯವರು ಗೇಟಿನವರೆಗೆ ಬಂದರೆ ಸಾಕು, ಕೋಣೆಯೊಳಗೆ ಬೇಡ.

ಎರಡನೆಯ ಬಗೆಯ ಉತ್ತರ ಹೀಗಿರುತ್ತದೆ: "ನಿಮ್ಮ ಪತ್ರ ಸಿಕ್ಕಿತು. ಎರಡನೇ ಮಹಡಿಯ ಸಣ್ಣ ಮೀಟಿಂಗ್ ರೂಮಿನಲ್ಲಿ ಇಂಟರ್‌ವ್ಯೂ ಇರುತ್ತದೆ. ಮೂವರು ಇರುತ್ತಾರೆ, ಒಬ್ಬೊಬ್ಬರಾಗಿ ಕೇಳುತ್ತಾರೆ, ಕನ್ನಡದಲ್ಲೇ. ಲೆಕ್ಕದ ಪ್ರಶ್ನೆಗಳ ಪ್ರಿಂಟ್ ಕೊಡುತ್ತೇವೆ. ಆಮೇಲೆ ಟ್ಯಾಲಿಯಲ್ಲಿ ಅರ್ಧ ಗಂಟೆಯ ಪ್ರಾಕ್ಟಿಕಲ್ ಟೆಸ್ಟ್ ಇದೆ, ಅದರ ಸೂಚನೆಗಳನ್ನೂ ಬರೆದು ಕೊಡಬೇಕಾ?" ಕೊನೆಯ ಪ್ರಶ್ನೆ ನೋಡಿ. ಅಭ್ಯರ್ಥಿಗೆ ಗೊತ್ತಿಲ್ಲದ ಒಂದು ಹಂತವನ್ನು ಕಂಪೆನಿ ತಾನಾಗಿ ತಿಳಿಸಿ, ಅಲ್ಲಿ ಏನು ಬೇಕೆಂದು ಕೇಳಿತು. ಅಭ್ಯರ್ಥಿಗೆ ತನ್ನ ಕಿವಿಯ ಬಗ್ಗೆ ಗೊತ್ತಿದೆ, ಕಂಪೆನಿಗೆ ತನ್ನ ಇಂಟರ್‌ವ್ಯೂ ಬಗ್ಗೆ ಗೊತ್ತಿದೆ. ಎರಡೂ ಸೇರಿದಾಗಲೇ ಸರಿಯಾದ ವ್ಯವಸ್ಥೆ ಆಗುವುದು.

ಎಲ್ಲದಕ್ಕೂ ಹೂಂ ಎನ್ನಬೇಕೆಂದೂ ಇಲ್ಲ. ಅಭ್ಯರ್ಥಿ "ಎಲ್ಲಾ ಪ್ರಶ್ನೆಗಳನ್ನು ಹಿಂದಿನ ದಿನವೇ ಕಳಿಸಿ" ಎಂದು ಕೇಳಿದ್ದರೆ ಕಂಪೆನಿ ಬೇಡ ಎನ್ನಬಹುದಿತ್ತು. ಉಳಿದವರಿಗೆ ಸಿಗದ ತಯಾರಿಯ ಸಮಯ ಅವಳಿಗೆ ಸಿಕ್ಕಂತಾಗುತ್ತದೆ. ಅವಳಿಗೆ ಬೇಕಾದದ್ದು ಪ್ರಶ್ನೆ ಕಣ್ಣಿಗೆ ಕಾಣುವುದು, ಒಂದು ದಿನ ಮೊದಲು ಕಾಣುವುದಲ್ಲ. ಹಾಗಿದ್ದರೆ "ಹಿಂದಿನ ದಿನ ಆಗುವುದಿಲ್ಲ, ಆದರೆ ಕೋಣೆಯಲ್ಲಿ ಬರೆದು ಕೊಡುತ್ತೇವೆ" ಎಂಬುದು ಸರಿಯಾದ ಉತ್ತರ. ಬೇಡ ಎನ್ನುವಾಗ ಕಾರಣ ಹೇಳಿ, ಇನ್ನೊಂದು ದಾರಿ ತೋರಿಸಬೇಕು. ಬರೀ ಬೇಡ ಎಂದರೆ ಅದು ಬಾಗಿಲು ಮುಚ್ಚಿದಂತೆ.

ಆ ದಿನ ಕೋಣೆಯಲ್ಲಿ

ಪತ್ರ ಒಪ್ಪಿದ ಮೇಲೂ ಆ ದಿನ ತಪ್ಪುವುದುಂಟು. ಸಾಮಾನ್ಯವಾಗಿ ನಡೆಯುವುದೇನೆಂದರೆ, ಎಚ್‌ಆರ್‌ಗೆ ಪತ್ರ ಗೊತ್ತು, ಪ್ರಶ್ನೆ ಕೇಳುವ ಮ್ಯಾನೇಜರ್‌ಗೆ ಯಾರೂ ಹೇಳಿಲ್ಲ. ಅಥವಾ ಮೊದಲ ಹತ್ತು ನಿಮಿಷ ಎಲ್ಲ ಸರಿ, ಆಮೇಲೆ ಮಾತಿಗೆ ಹುಮ್ಮಸ್ಸು ಬಂದು ಇಬ್ಬರು ಒಟ್ಟಿಗೆ ಶುರು ಮಾಡುತ್ತಾರೆ. ಒಬ್ಬರು ಬಯೋಡಾಟಾ ನೋಡುತ್ತಾ ತಲೆ ಬಗ್ಗಿಸಿ ಪ್ರಶ್ನೆ ಕೇಳುತ್ತಾರೆ. ಇನ್ನೊಬ್ಬರು ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ.

ಆಗ ಕೇಳಿಸದವರು ಮಾಡುವ ದೊಡ್ಡ ತಪ್ಪು ತಲೆ ಆಡಿಸುವುದು. ಅರ್ಥವಾಗದಿದ್ದರೂ ನಕ್ಕು "ಹೌದು ಸರ್" ಎನ್ನುವುದು ಚಿಕ್ಕಂದಿನಿಂದ ಬಂದ ಅಭ್ಯಾಸ. ಮದುವೆ ಮನೆಯಲ್ಲಿ ಅದು ನಡೆಯುತ್ತದೆ, ಇಂಟರ್‌ವ್ಯೂನಲ್ಲಿ ನಡೆಯುವುದಿಲ್ಲ. "ನೀವು ಈ ಹಿಂದೆ ಕೆಲಸ ಬಿಟ್ಟದ್ದು ಯಾಕೆ?" ಎಂಬುದಕ್ಕೆ "ಹೌದು" ಎಂದರೆ ಅಲ್ಲಿಗೆ ಮುಗಿಯಿತು. ಕಂಪೆನಿಯವರೂ ಇದನ್ನು ಗುರುತಿಸಲು ಕಲಿಯಬೇಕು. ಉತ್ತರ ಪ್ರಶ್ನೆಗೆ ಸಂಬಂಧವೇ ಇಲ್ಲದಿದ್ದರೆ, ಅಥವಾ ವಿವರ ಬೇಕಾದಲ್ಲಿ ಬರೀ ಹೌದು ಎಂದು ಬಂದರೆ, ಪ್ರಶ್ನೆ ತಲುಪಿಲ್ಲ ಎಂದು ಅರ್ಥ. ಆಗ ಅದೇ ವಾಕ್ಯವನ್ನು ಕಿರುಚಿ ಹೇಳಿದರೆ ಪ್ರಯೋಜನವಿಲ್ಲ. ಕಿರುಚುವಾಗ ತುಟಿಯ ಆಕಾರ ಬದಲಾಗುತ್ತದೆ, ಮೆಷಿನ್‌ನಲ್ಲಿ ಧ್ವನಿ ಒಡೆಯುತ್ತದೆ. ಬೇರೆ ಪದಗಳಲ್ಲಿ, ಸಾಮಾನ್ಯ ಧ್ವನಿಯಲ್ಲಿ ಇನ್ನೊಮ್ಮೆ ಹೇಳಿ. ಆಗಲೂ ಇಲ್ಲವಾದರೆ ಬರೆಯಿರಿ.

ಅಭ್ಯರ್ಥಿಗೆ ಒಂದು ಸುಲಭ ಉಪಾಯವಿದೆ. ಕೇಳಿಸಿದ್ದನ್ನು ತಿರುಗಿ ಹೇಳಿ: "ಬ್ಯಾಂಕಿನಲ್ಲಿ ಹದಿನಾರು ಸಾವಿರ, ಬುಕ್ಸ್‌ನಲ್ಲಿ ಹದಿನೈದು ಸಾವಿರ ಎಂದಲ್ಲವೇ ಸರ್?" ಬರೀ "ಆಂ?" ಅಥವಾ "ಇನ್ನೊಮ್ಮೆ ಹೇಳಿ" ಎನ್ನುವುದಕ್ಕಿಂತ ಇದು ಒಳ್ಳೆಯದು. ಎಷ್ಟು ಕೇಳಿಸಿದೆ, ಎಲ್ಲಿ ತಪ್ಪಿದೆ ಎಂಬುದು ಎದುರಿನವರಿಗೆ ಕೂಡಲೇ ಗೊತ್ತಾಗುತ್ತದೆ.

ತಲೆಗೆ ವಸ್ತ್ರ ಹಾಕುವ ನಮ್ಮ ಹೆಣ್ಣುಮಕ್ಕಳಿಗೆ ಇನ್ನೊಂದು ವಿಷಯ. ಮೆಷಿನ್ ಬಟ್ಟೆಯ ಒಳಗೆ ಇರುವುದರಿಂದ ಎದುರಿನವರಿಗೆ ಅದು ಕಾಣುವುದೇ ಇಲ್ಲ, ಹಾಗಾಗಿ ಮೊದಲೇ ತಿಳಿಸುವುದು ಇನ್ನೂ ಮುಖ್ಯ. ಕಿವಿಯ ಹಿಂದಿನ ಮೈಕ್‌ಗೆ ದಪ್ಪ ಬಟ್ಟೆ ಉಜ್ಜಿದರೆ ಸರಸರ ಸದ್ದು ಬರುತ್ತದೆ, ಬಿಗಿಯಾಗಿ ಒತ್ತಿದರೆ ಕೆಲವೊಮ್ಮೆ ಸೀಟಿ ಹೊಡೆದಂತೆ ಕೂಗುತ್ತದೆ. ಆ ದಿನಕ್ಕೆ ತೆಳುವಾದ, ಕಿವಿಯ ಹತ್ತಿರ ಸ್ವಲ್ಪ ಸಡಿಲವಾಗಿ ನಿಲ್ಲುವ ವಸ್ತ್ರ ಹಾಕಿ ಮನೆಯಲ್ಲೇ ಒಮ್ಮೆ ಪರೀಕ್ಷೆ ಮಾಡಿ. ಹೊಸ ಬ್ಯಾಟರಿ ಜೊತೆಗಿರಲಿ, ರೀಚಾರ್ಜ್ ಮಾಡುವ ಮೆಷಿನ್ ಆದರೆ ಹಿಂದಿನ ರಾತ್ರಿ ಚಾರ್ಜ್ ಮಾಡಿ.

ಮಾತನ್ನು ಅಕ್ಷರ ಮಾಡಿ ತೋರಿಸುವ ಮೊಬೈಲ್ ಆ್ಯಪ್‌ಗಳನ್ನು ಈಗ ಹಲವರು ಬಳಸುತ್ತಾರೆ. ಅನುಮತಿ ಕೇಳಿ ಟೇಬಲ್ ಮೇಲೆ ಇಟ್ಟುಕೊಳ್ಳಬಹುದು. ಆದರೆ ಕನ್ನಡ-ಇಂಗ್ಲಿಷ್ ಬೆರೆಸಿದ ಮಾತಿನಲ್ಲಿ, ಊರಿನ ಹೆಸರಿನಲ್ಲಿ, ಸಂಖ್ಯೆಯಲ್ಲಿ ಅವು ತಪ್ಪುವುದು ಹೆಚ್ಚು. ಅಕೌಂಟ್ಸ್‌ಗೆ ಅದೇ ಮುಖ್ಯವಾದ್ದರಿಂದ ಬರೆದ ಕಾಗದಕ್ಕೆ ಅದು ಬದಲಿ ಅಲ್ಲ.

ಕೆಲಸದ ಬಗ್ಗೆ ನೇರ ಪ್ರಶ್ನೆ

ಕಂಪೆನಿಯವರಿಗೆ ಒಂದು ನಿಜವಾದ ಚಿಂತೆ ಇರುತ್ತದೆ: ಕೆಲಸಕ್ಕೆ ಸೇರಿದ ಮೇಲೆ ಹೇಗೆ? ಸಂಕೋಚದಿಂದ ಅದನ್ನು ಕೇಳದೆ, ಮನಸ್ಸಿನಲ್ಲೇ "ಆಗಲಿಕ್ಕಿಲ್ಲ" ಎಂದು ತೀರ್ಮಾನಿಸಿ ಕಳಿಸುವುದು ಕೆಟ್ಟ ದಾರಿ. "ನಿಮಗೆ ಎಷ್ಟು ಪರ್ಸೆಂಟ್ ಕೇಳುತ್ತದೆ?" ಎಂದು ಕೇಳುವುದೂ ಸರಿಯಲ್ಲ, ಆ ಉತ್ತರದಿಂದ ಕಂಪೆನಿಗೆ ಏನೂ ಗೊತ್ತಾಗುವುದಿಲ್ಲ. ಕೆಲಸವನ್ನು ಹೇಳಿ ಕೇಳಬೇಕು: "ಈ ಹುದ್ದೆಯಲ್ಲಿ ದಿನಕ್ಕೆ ನಾಲ್ಕೈದು ಸಲ ಸಪ್ಲೈಯರ್‌ಗಳ ಹತ್ತಿರ ಬಿಲ್ ಬಗ್ಗೆ ಮಾತನಾಡಲಿಕ್ಕಿದೆ. ನೀವು ಅದನ್ನು ಹೇಗೆ ಮಾಡುತ್ತೀರಿ?" ಅವಳ ಹತ್ತಿರ ಉತ್ತರ ಇರುತ್ತದೆ: "ವಾಟ್ಸ್‌ಆ್ಯಪ್‌ನಲ್ಲಿ ಬಿಲ್‌ನ ಫೋಟೋ ತರಿಸಿ, ಮೆಸೇಜ್‌ನಲ್ಲೇ ಮುಗಿಸುತ್ತೇನೆ. ಸಂಖ್ಯೆ ಬರಹದಲ್ಲಿ ಇದ್ದರೆ ಎರಡೂ ಕಡೆಗೆ ಒಳ್ಳೆಯದಲ್ಲವೇ ಸರ್?" ಅಭ್ಯರ್ಥಿ ಈ ಒಂದು ಪ್ರಶ್ನೆಗೆ ಮನೆಯಿಂದಲೇ ತಯಾರಾಗಿ ಹೋಗಬೇಕು.

ದಿನವಿಡೀ ಫೋನ್‌ನಲ್ಲೇ ಮಾತನಾಡಬೇಕಾದ ಕೆಲಸವಾದರೆ ಮಾತು ಬೇರೆ. ಅಲ್ಲಿ ಫೋನ್ ಕೆಲಸದ ಒಂದು ಭಾಗವಲ್ಲ, ಅದೇ ಕೆಲಸ. ಅದನ್ನು ಜಾಹೀರಾತಿನಲ್ಲೇ ಸ್ಪಷ್ಟವಾಗಿ ಬರೆದರೆ ಎರಡೂ ಕಡೆಯವರ ಸಮಯ ಉಳಿಯುತ್ತದೆ.

ಕಾನೂನು ಎಷ್ಟು ಬೆಂಬಲಿಸುತ್ತದೆ?

ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು, 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದು ಕೇಂದ್ರದ ಕಾಯ್ದೆ. ತಲಪಾಡಿ ಗೇಟಿನ ಈ ಕಡೆಯವರಿಗೂ ಆ ಕಡೆಯವರಿಗೂ ಒಂದೇ. ವಿಕಲಚೇತನರಿಗೆ ಕೇಂದ್ರ ಕೊಡುವ ಯುಡಿಐಡಿ ಕಾರ್ಡ್ ಕಾಸರಗೋಡಿನಲ್ಲಿ ಮಾಡಿಸಿದ್ದಾದರೂ ಮಂಗಳೂರಿನಲ್ಲಿ ನಡೆಯುತ್ತದೆ.

ಕಾಯ್ದೆಯ 2ನೇ ಸೆಕ್ಷನ್‌ನಲ್ಲಿ ತಾರತಮ್ಯ ಅಂದರೆ ಏನೆಂದು ಹೇಳುವಾಗ, ಸೂಕ್ತ ಹೊಂದಾಣಿಕೆಯನ್ನು ನಿರಾಕರಿಸುವುದನ್ನೂ ತಾರತಮ್ಯದಲ್ಲೇ ಸೇರಿಸಿದ್ದಾರೆ. ಅದೇ ಸೆಕ್ಷನ್ ಒಂದು ಮಿತಿಯನ್ನೂ ಹಾಕಿದೆ. ಕೊಡುವವರ ಮೇಲೆ ಅತಿಯಾದ ಹೊರೆ ಬೀಳಬಾರದು. ಹಾಗಾಗಿ ಹತ್ತು ಜನರ ಅಂಗಡಿಯಲ್ಲಿ ಇಂಟರ್‌ವ್ಯೂಗಾಗಿ ಲಿಫ್ಟ್ ಹಾಕಿಸಿ ಎನ್ನಲು ಬರುವುದಿಲ್ಲ. ಕೆಳಗಿನ ಕೋಣೆಯಲ್ಲಿ ಕೂತು ಮಾತನಾಡೋಣ ಎಂದು ಕೇಳಬಹುದು. ನಮ್ಮ ಯುವತಿ ಕೇಳಿದ ನಾಲ್ಕಕ್ಕೆ ಖರ್ಚು ಎರಡು ಹಾಳೆ ಕಾಗದ.

ಸರಕಾರಿ ಸಂಸ್ಥೆಗಳು ಸೂಕ್ತ ಹೊಂದಾಣಿಕೆ ಮಾಡಿಕೊಡಲೇಬೇಕೆಂದು 20ನೇ ಸೆಕ್ಷನ್ ನೇರವಾಗಿ ಹೇಳುತ್ತದೆ. ಖಾಸಗಿ ಕಂಪೆನಿಗಳಿಗೆ ಮುಖ್ಯವಾದದ್ದು 21ನೇ ಸೆಕ್ಷನ್. ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿಯೊಂದನ್ನು ಪ್ರಕಟಿಸಬೇಕು. 2017ರ ನಿಯಮಗಳ ಪ್ರಕಾರ 20 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಯ ನೀತಿಯಲ್ಲಿ ಆಯ್ಕೆಯ ಕ್ರಮವೂ ಇರಬೇಕು, ಈ ವಿಷಯ ನೋಡಿಕೊಳ್ಳಲು ಒಬ್ಬ ಲಿಯೇಸನ್ ಆಫೀಸರ್ ಕೂಡಾ ಇರಬೇಕು. ನೀತಿಯನ್ನು ವೆಬ್‌ಸೈಟಿನಲ್ಲಿ, ಇಲ್ಲದಿದ್ದರೆ ಆಫೀಸಿನಲ್ಲಿ ಎಲ್ಲರಿಗೂ ಕಾಣುವ ಜಾಗದಲ್ಲಿ ಹಾಕಬೇಕು. ಅರುವತ್ತು ಮಂದಿಯ ಆ ಬೈಕಂಪಾಡಿ ಕಂಪೆನಿಗೆ ಇದು ಅನ್ವಯಿಸುತ್ತದೆ. ಪತ್ರ ಯಾರಿಗೆ ಕಳಿಸಬೇಕೆಂದು ಗೊತ್ತಾಗದಿದ್ದರೆ ಆ ಆಫೀಸರ್ ಯಾರೆಂದು ಕೇಳಿ.

"ಕಾರ್ಡ್ ಇಲ್ಲ, ಪರ್ಸೆಂಟ್ ಕಡಿಮೆ" ಎಂದು ಹಿಂಜರಿಯುವವರೂ ಇದ್ದಾರೆ. ಸರಕಾರಿ ಕೆಲಸದ ಮೀಸಲಾತಿಗೆ ಕನಿಷ್ಠ ಶೇ. 40 ವೈಕಲ್ಯ ಇರಬೇಕು, ಅದು ನಿಜ. ಹೊಂದಾಣಿಕೆಗೆ ಆ ಲೆಕ್ಕ ಬೇಡ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬರಿಗೆ ಕೇಂದ್ರ ಲೋಕಸೇವಾ ಆಯೋಗ ಪರೀಕ್ಷೆಯಲ್ಲಿ ಬರಹಗಾರರ ಸಹಾಯ ನಿರಾಕರಿಸಿತ್ತು. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಶೇ. 40ರ ಮಿತಿಯನ್ನು ಈ ಸಹಾಯಕ್ಕೆ ಹಾಕುವಂತಿಲ್ಲ ಎಂದು ಹೇಳಿತು. ಹೊಂದಾಣಿಕೆಯನ್ನು ಆ ವ್ಯಕ್ತಿಯ ಅಗತ್ಯ ನೋಡಿ, ಅವರಲ್ಲೇ ಕೇಳಿ ಮಾಡಬೇಕು ಎಂಬುದು ಆ ತೀರ್ಪಿನ ಮುಖ್ಯ ಮಾತು.

ಪತ್ರಕ್ಕೆ ಉತ್ತರವೇ ಬಾರದಿದ್ದರೆ ಮೊದಲು ಎರಡು ದಿನ ಬಿಟ್ಟು ಅದೇ ಇ-ಮೇಲ್‌ನ ಕೆಳಗೆ ಸೌಮ್ಯವಾಗಿ ನೆನಪು ಮಾಡಿ. ಹೆಚ್ಚಿನ ಸಲ ಪತ್ರ ಯಾರದ್ದೋ ಇನ್‌ಬಾಕ್ಸ್‌ನಲ್ಲಿ ಬಾಕಿ ಆಗಿರುತ್ತದೆ. ಕಾರಣ ಕೊಡದೆ ನಿರಾಕರಿಸಿದರೆ, ಅಥವಾ ಕೇಳಿದ್ದಕ್ಕೇ ಇಂಟರ್‌ವ್ಯೂ ರದ್ದು ಮಾಡಿದರೆ, ಕಂಪೆನಿ ಇರುವ ರಾಜ್ಯದ ವಿಕಲಚೇತನರ ಆಯುಕ್ತರಿಗೆ ದೂರು ಕೊಡಬಹುದು. ಪತ್ರ, ಉತ್ತರ, ತಾರೀಕು ಎಲ್ಲ ಜೊತೆಗಿರಲಿ. ಆದರೆ ಒಂದು ಮಾತು ತಿಳಿದಿರಲಿ: ಆಯುಕ್ತರು ವಿಚಾರಣೆ ನಡೆಸಿ ಶಿಫಾರಸು ಮಾಡುತ್ತಾರೆ, ಕೈಗೆ ಕೆಲಸದ ಆರ್ಡರ್ ಕೊಡುವುದಿಲ್ಲ. ದೂರು ಕೊಟ್ಟು, ಬೇರೆ ಕಡೆ ಅರ್ಜಿ ಹಾಕುವುದನ್ನು ನಿಲ್ಲಿಸದಿರುವುದು ಜಾಣತನ.

ಕಂಪೆನಿಗೆ ಒಂದು ವಾಕ್ಯ

ನಮ್ಮವರಲ್ಲಿ ಅಂಗಡಿ, ಕಂಪೆನಿ, ಶಾಲೆ, ಆಸ್ಪತ್ರೆ ನಡೆಸುವವರು ಬಹಳ ಇದ್ದಾರೆ. ಇಂಟರ್‌ವ್ಯೂಗೆ ಕರೆಯುವ ಮೆಸೇಜಿನ ಕೊನೆಗೆ ಅವರು ಒಂದು ವಾಕ್ಯ ಸೇರಿಸಿದರೆ ಈ ಲೇಖನದ ಅರ್ಧ ಕೆಲಸ ಮುಗಿಯುತ್ತದೆ: "ಸಂದರ್ಶನಕ್ಕೆ ನಿಮಗೆ ಯಾವುದಾದರೂ ವಿಶೇಷ ವ್ಯವಸ್ಥೆ ಬೇಕಾದರೆ ಈ ನಂಬರಿಗೆ ಮೆಸೇಜ್ ಮಾಡಿ." ಎಲ್ಲರಿಗೂ ಇದನ್ನೇ ಕಳಿಸಿ. ಆಗ ಯಾರನ್ನೂ ಬೊಟ್ಟು ಮಾಡಿ ಕೇಳಿದಂತಾಗುವುದಿಲ್ಲ. ಉತ್ತರ ಬಂದರೆ ಅದನ್ನು ನೋಡಿಕೊಳ್ಳಲು ಒಬ್ಬರನ್ನು ನೇಮಿಸಿ. ಪ್ರಶ್ನೆ ಕೇಳುವವರಿಗೆ ವೈದ್ಯಕೀಯ ವಿವರ ಹೇಳದೆ, "ಮುಖ ನೋಡಿ ಮಾತನಾಡಿ, ಸಂಖ್ಯೆ ಬರೆದು ಕೊಡಿ" ಎಂಬುದನ್ನು ಮಾತ್ರ ತಿಳಿಸಿ. ಮತ್ತೆ ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಕೇಳಿ. ಕನಿಕರದಿಂದ ಸುಲಭ ಪ್ರಶ್ನೆ ಕೇಳಿದರೆ ಅವಳಿಗೆ ಎಷ್ಟು ಗೊತ್ತಿದೆ ಎಂದು ನಿಮಗೂ ಗೊತ್ತಾಗುವುದಿಲ್ಲ.

ಹಾಗೆ ಮಾಡಿದ ಮೇಲೆ ಅವಳು ಪಾಸಾಗಬಹುದು, ಫೇಲ್ ಆಗಬಹುದು. ಫೇಲ್ ಆದರೆ ಅದು ಲೆಕ್ಕದಲ್ಲಿ ಆಗಲಿ. ಫ್ಯಾನಿನ ಸದ್ದಿನಿಂದ ಆಗುವುದು ಬೇಡ.